ತೊಳೆಯಬಾರದ ಕೌದಿ

ಮೈಸೂರಿಗೆ ವರ್ಗವಾಯಿತು ಎಂದು ಗೊತ್ತಾದ ದಿನ ನಾನು ಮೊದಲು ಮಾಡಿದ ಕೆಲಸ ನಾಯಿಗೊಂದು ಪಟ್ಟಿ ಬರೆದದ್ದು. ಪಾತ್ರೆ, ಬೀರು, ಫ್ರಿಜ್ಜು ಯಾವುದಕ್ಕೂ ಪಟ್ಟಿ ಇರಲಿಲ್ಲ. ಅವೆಲ್ಲ ಲಾರಿಗೆ ಹತ್ತಿಸಿದರೆ ಹತ್ತುತ್ತವೆ, ಇಳಿಸಿದರೆ ಇಳಿಯುತ್ತವೆ. ನಾಯಿ ಹಾಗಲ್ಲ. ಅದಕ್ಕೆ ಅದರದೇ ಅಭಿಪ್ರಾಯಗಳಿವೆ.

ನಾನು ಬ್ಯಾಂಕಿನವಳು. ಕಾಗದ ತೋರಿಸದಿದ್ದರೆ ಬೆಳಗಾಯಿತು ಅನ್ನುವುದನ್ನೂ ನಂಬುವವಳಲ್ಲ. ಇಂಟರ್ನೆಟ್ಟಿನಲ್ಲಿ ಓದಿ, ನಾಯಿ ಸಾಕಿದ ಗೆಳತಿಯರನ್ನು ಕೇಳಿ, ಎರಡು ಹಾಳೆ ತುಂಬ ಬರೆದು ಗಂಗಾವತಿಯ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಅಂಟಿಸಿದೆ. ಕಾಗದಪತ್ರ, ಊಟ, ಸಮಾಧಾನದ ಸಾಮಾನು ಎಂದು ಮೂರು ಭಾಗ. ಸಮಾಧಾನದ ಸಾಮಾನಿನ ಮೊದಲ ಸಾಲಿನಲ್ಲೇ ‘ಹಳೆಯ ಹಾಸಿಗೆ, ತೊಳೆಯಬಾರದು’ ಎಂದು ಕೆಂಪು ಪೆನ್ನಿನಲ್ಲಿ ಬರೆದು ಅಡಿಗೆರೆ ಎಳೆದಿದ್ದೆ. ಹೊಸ ಜಾಗದಲ್ಲಿ ನಾಯಿಗೆ ಗುರುತು ಹತ್ತುವುದು ವಾಸನೆಯಿಂದ. ತನ್ನ ಮನೆಯ ವಾಸನೆ ಇರುವ ಹಾಸಿಗೆ ಜೊತೆಗಿದ್ದರೆ ಅರ್ಧ ಹೆದರಿಕೆ ಕಡಿಮೆ.

ನಮ್ಮ ಅತ್ತೆ ಆ ಪಟ್ಟಿಯ ಮುಂದೆ ಒಂದು ದಿನ ನಿಂತರು. ಕನ್ನಡಕ ಇರಲಿಲ್ಲ. ಓದಲಿಲ್ಲ.

"ಇದೇನವಾ ಇಷ್ಟುದ್ದ? ಹೆಣ್ಣ ಕೊಟ್ಟ ಕಳಿಸೂ ಮುಂದ ಸೈತ ನಮ್ಮವ್ವ ಇಷ್ಟ ಬರಕೊಂಡಿದ್ದಿಲ್ಲ."

ನಾನು ನಕ್ಕೆ. ಅತ್ತೆಗೂ ನಾಯಿಗೂ ಸಂಬಂಧವೇ ಇಲ್ಲ ಎಂಬುದು ಆಗ ನಮ್ಮ ಮನೆಯ ಅಧಿಕೃತ ನಿಲುವು. ಸೂರ್ಯ ಹುಟ್ಟುವ ಮೊದಲೇ ಜಳಕ ಮಾಡುವ, ಜಳಕವಾಗದೆ ಅಡುಗೆಮನೆ ಇರಲಿ ಅಂಗಳಕ್ಕೂ ಇಳಿಯದ ಹೆಂಗಸು ಅವರು. ನಾಯಿ ಮುಟ್ಟಿದರೆ ಸೀರೆ ಬದಲಿಸುತ್ತಾರೆ. ದಿನಾ ಅದಕ್ಕೆ ನುಚ್ಚು ಬೇಯಿಸಿ ಹಾಕುವವರೂ ಅವರೇ, ಅದು ಬೇರೆ ಮಾತು. ಅದರ ಹಾಸಿಗೆಯಾದ ಕೌದಿ ಹೊಲಿದವರೂ ಅವರೇ, ತಮ್ಮ ಹಳೆಯ ಇಳಕಲ್ ಸೀರೆಯಿಂದ. ಅದೂ ಬೇರೆ ಮಾತು.

ಕಾಗದದ ಕೆಲಸಕ್ಕೆ ದನದ ದವಾಖಾನೆಗೆ ಹೋದೆ. ಹುಚ್ಚುನಾಯಿ ರೋಗದ ಲಸಿಕೆಯ ವರ್ಷ ಮುಗಿದುಹೋಗಿತ್ತು. ಡಾಕ್ಟರು ಸೂಜಿ ಚುಚ್ಚಿ, ಪುಸ್ತಕದಲ್ಲಿ ಲಸಿಕೆಯ ಚೀಟಿ ಅಂಟಿಸಿ, ಸಹಿ ಮಾಡಿ, ಶಿಕ್ಕಾ ಹೊಡೆದರು. ಜಂತಿನ ಗುಳಿಗೆ ಕೊಟ್ಟರು, ಉಣ್ಣೆಹುಳಕ್ಕೆ ಔಷಧ ಹಾಕಿದರು. ಬಂದದ್ದೇ ಬಂದೆ, ಪ್ರಯಾಣಕ್ಕೆ ಬೇಕಾಗುವ ಆರೋಗ್ಯದ ಸರ್ಟಿಫಿಕೇಟನ್ನೂ ಇವತ್ತೇ ಕೊಟ್ಟುಬಿಡಿ, ಎರಡು ಸಲ ಓಡಾಡುವುದು ತಪ್ಪುತ್ತದೆ ಎಂದೆ.

"ಮೇಡಂ, ಹೋಗೂದು ಯಾವಾಗ?"

"ಮುಂದಿನ ತಿಂಗಳ್ರಿ."

"ಮುಂದಿನ ತಿಂಗಳ ಅದು ಆರಾಮ ಇರತೈತಿ ಅಂತ ಈಗ ನಾ ಹೆಂಗ ಬರೀಲಿ? ಹೊರಡೂ ಹಿಂದಿನ ದಿನ ಕರಕೊಂಡ ಬರ್ರಿ. ಲಸಿಕಿಗೂ ಮೈಯಾಗ ಹತ್ತಾಕ ಟೈಮ್ ಬೇಕಲ್ರಿ. ತಿಂಗಳ ಮೊದಲ ಬಂದೀರಿ, ಛಲೋ ಆತು."

ರೈಲಿನ ವಿಚಾರವನ್ನೂ ಕೇಳಿ ಬಂದಿದ್ದೆ. ಫಸ್ಟ್ ಕ್ಲಾಸಿನಲ್ಲಿ ಇಡೀ ಕೋಣೆಯೇ ನಮ್ಮದಾದರೆ ಜೊತೆಗೆ ಕೂರಿಸಿಕೊಳ್ಳಬಹುದು, ಇಲ್ಲದಿದ್ದರೆ ಗಾರ್ಡಿನ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆ. ಕೋಣೆ ನಮಗೆ ಸಿಗುವಂತಿರಲಿಲ್ಲ. ಕಬ್ಬಿಣದ ಪೆಟ್ಟಿಗೆಯಲ್ಲಿ ನಾಯಿಯನ್ನು ಒಂಟಿಯಾಗಿ ತುಂಬಿ ಕಳಿಸಲು ನನ್ನ ಮನಸ್ಸು ಸುತರಾಂ ಒಪ್ಪಲಿಲ್ಲ. ಹಾಗಾಗಿ ಕಾರು. ನಮ್ಮ ಓಣಿಯ ತುದಿಯಲ್ಲಿರುವ ಬಾಡಿಗೆ ಕಾರಿನ ಚಾಚಾ ಒಂದೇ ಷರತ್ತು ಹಾಕಿದರು.

"ಪಂಜರದಾಗ ಇದ್ರ ನಂದೇನೂ ತಕರಾರಿಲ್ಲ ಮೇಡಂ. ಹಿಂದಿನ ಸೀಟ ಮಡಚಿ ಜಾಗ ಮಾಡಿ ಕೊಡ್ತೀನಿ. ಬರೇ ಸೀಟಿನ ಮ್ಯಾಲ ಮಾತ್ರ ಬ್ಯಾಡ್ರಿ. ನಾನು ನಮಾಜಿಗೆ ನಿಲ್ಲಾಂವ, ಮೈಮ್ಯಾಲಿನ ಅರಬೀಗೆ ಅದರ ಜೊಲ್ಲು ಹತ್ತಬಾರದು."

ನ್ಯಾಯವಾದ ಮಾತು. ನಾಯಿ ನಿಂತು ತಿರುಗಾಡುವಷ್ಟು ದೊಡ್ಡ ತಂತಿಯ ಪಂಜರ ತರಿಸಿ, ಪಡಸಾಲೆಯಲ್ಲಿ ಬಾಗಿಲು ತೆಗೆದಿಟ್ಟು, ಒಳಗೆ ಅದರ ಕೌದಿ ಹಾಸಿದೆ. ಮೊದಲು ಬಾಗಿಲ ಹತ್ತಿರ ಊಟ, ಆಮೇಲೆ ಒಳಗೆ ಊಟ, ಆಮೇಲೆ ಸ್ವಲ್ಪ ಹೊತ್ತು ಬಾಗಿಲು ಹಾಕಿಡುವುದು. ತಿಂಗಳು ಮುಗಿಯುವಷ್ಟರಲ್ಲಿ ನಾಯಿ ಮಧ್ಯಾಹ್ನದ ನಿದ್ದೆಗೆ ತಾನೇ ಹೋಗಿ ಪಂಜರದಲ್ಲಿ ಮಲಗತೊಡಗಿತು. ನಾನು ಗೆದ್ದೆ ಎಂದುಕೊಂಡೆ. ಪಟ್ಟಿಯ ಮುಂದೆ ಒಂದೊಂದೇ ಗುರುತು ಹಾಕುತ್ತ ಹೋಗುವ ಸುಖ ಬ್ಯಾಂಕಿನವರಿಗೇ ಗೊತ್ತು.

ಮೈಸೂರಿನ ಮನೆಯ ಒಡತಿ ಮಾತ್ರ ಸುಲಭದ ಹೆಣ್ಣುಮಗಳಾಗಿರಲಿಲ್ಲ. ನಾಯಿ ಇದೆ ಎಂದ ತಕ್ಷಣ ಫೋನಿನಲ್ಲಿ ಅವರ ದನಿ ತಣ್ಣಗಾಗುತ್ತಿತ್ತು. ಅದಾಗಲೇ ಏಳೆಂಟು ಕಡೆ ಬೇಡ ಅನ್ನಿಸಿಕೊಂಡಿದ್ದೆವು. ಇವರೊಬ್ಬರೇ ಆಗಲಿ ಅಂದವರು, ಅದೂ ಹೀಗೆ:

"ಇಂಜೆಕ್ಷನ್ ಪುಸ್ತಕ ತೋರಿಸ್ಬೇಕು. ಡಾಕ್ಟರ್ ಸರ್ಟಿಫಿಕೇಟ್ ತೋರಿಸ್ಬೇಕು. ಮತ್ತೆ ನೋಡಿ, ನನಗೆ ನಾಯಿ ವಾಸನೆ ಆಗೋದೇ ಇಲ್ಲ. ಬಂದ ದಿನವೇ ನೋಡ್ತೀನಿ. ವಾಸನೆ ಬಂತೋ, ನಾಯಿ ಬಾಗಿಲೊಳಗೆ ಬರೋ ಹಾಗಿಲ್ಲ, ಮೊದಲೇ ಹೇಳಿದೀನಿ."

ಫೋನು ಸ್ಪೀಕರಿನಲ್ಲಿತ್ತು. ನನ್ನ ಯಜಮಾನರು ಪಾತ್ರೆ ಕಟ್ಟುತ್ತಿದ್ದರು. ಅತ್ತೆ ಮೂಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಸುಲಿಯುವ ಸದ್ದು ನಿಂತದ್ದನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇನ್ನು ನಮ್ಮ ಭಾವ. ಯಲಬುರ್ಗಾದಲ್ಲಿ ಹೊಲ ಮಾಡಿಕೊಂಡಿರುವ ಯಜಮಾನರ ಅಣ್ಣ. ಅವರ ದೃಷ್ಟಿಯಲ್ಲಿ ನಾಯಿಗೆ ಪಟ್ಟಿ ಬರೆಯುವ ತಮ್ಮನ ಹೆಂಡತಿಗೆ ಬುದ್ಧಿ ಭ್ರಮಣೆ.

"ಬೀದಿ ನಾಯಿ ಅದು, ಅದಕ್ಕೆ ಕಾರ್ ಬ್ಯಾರೆ. ನಮ್ಮ ಹೊಲಕ್ಕ ಬಿಡ್ರಿ. ಶೇಂಗಾಕ್ಕ ಹಂದಿ ಬರಾಕ ಹತ್ಯಾವ, ಕಾಯತೈತಿ. ನೀವು ಹೋಗೂ ಹಿಂದಿನ ದಿನ ಸಂಜಿಕ ಅವ್ವನ ಮುಖ ನೋಡಾಕ ಬರ್ತೀನಿ, ಸರಪಣಿ ತಗೊಂಡ ಬಂದಿರ್ತೀನಿ."

ಮನೆಯೊಳಗೆ ಫ್ಯಾನಿನ ಕೆಳಗೆ ಮಲಗಿ ಬೆಳೆದ, ಪಟಾಕಿಗೆ ಹೆದರಿ ಮಂಚದ ಕೆಳಗೆ ತೂರುವ ನಾಯಿ ಕಾಡುಹಂದಿಯ ಮುಂದೆ ಒಂದು ರಾತ್ರಿ ಉಳಿಯುವುದಿಲ್ಲ. ನನಗೆ ಗೊತ್ತಿತ್ತು. ಭಾವನವರಿಗೆ ಹೇಳಿ ಪ್ರಯೋಜನವಿರಲಿಲ್ಲ. ನಾಯಿ ಪಂಜರದಲ್ಲಿ ಕೂತು ಬರಲು ಒಲ್ಲೆ ಎಂದರೆ ಆಗ ಅವರಿಗೇ ಕೊಡುವುದು ಎಂದು ಯಜಮಾನರು ಒಪ್ಪಿಬಿಟ್ಟಿದ್ದರು. ಅಣ್ಣನ ಮುಂದೆ ಅವರ ನಾಲಿಗೆ ಯಾವತ್ತೂ ಹೌದು ಎಂಬ ಒಂದೇ ಪಾಠ ಓದಿಕೊಂಡದ್ದು. ನಾನು ಸಿಟ್ಟಿನಿಂದ ಅವರೊಂದಿಗೆ ಮಾತು ಬಿಟ್ಟೆ. ಅವರಿಗದು ಅನುಕೂಲವೇ ಆಯಿತು ಅಂತ ಕಾಣುತ್ತದೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾಯಿಯನ್ನು ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಜ್ವರ ನೋಡಿ, ಎದೆಗೆ ಕೊಳವೆ ಹಚ್ಚಿ, ಕೂದಲು ಬಿಡಿಸಿ ಚರ್ಮ ನೋಡಿ ಸರ್ಟಿಫಿಕೇಟು ಬರೆಯತೊಡಗಿದರು. ಗಂಡು, ಕಂದು ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ. ತಳಿ ಎಂಬಲ್ಲಿ ಪೆನ್ನು ನಿಂತಿತು.

"ನಾಡ ನಾಯಿ ಅಂತ ಬರೀತೀನ್ರಿ. ಬ್ಯಾಸರ ಇಲ್ಲಲಾ?"

"ನಾವೇನ್ ಕುದುರಿ ಅಂತ ಬರೀರಿ ಅಂದೇವ್ರಿ?"

ಸಾಂಕ್ರಾಮಿಕ ರೋಗವಿಲ್ಲ, ಪ್ರಯಾಣಕ್ಕೆ ಯೋಗ್ಯವಾಗಿದೆ ಎಂದು ಬರೆದು ಕೊಟ್ಟರು. ಓಣಿಯ ಹೆಂಗಸೊಬ್ಬಳು ನಿದ್ದೆ ಗುಳಿಗೆ ಹಾಕಿದರೆ ತಂಟೆಯೇ ಇರುವುದಿಲ್ಲ ಎಂದಿದ್ದಳು, ಅದನ್ನೂ ಕೇಳಿದೆ. ಡಾಕ್ಟರು ಬೈದರು. ಮನುಷ್ಯರ ಗುಳಿಗೆ ಕೊಟ್ಟರೆ ಉಸಿರಿಗೇ ತ್ರಾಸ ಆದೀತು. ಹೊರಡುವ ಕೆಲವು ತಾಸು ಮೊದಲೇ ಸ್ವಲ್ಪ ಊಟ, ದಾರಿಯಲ್ಲಿ ಆಗಾಗ ಸ್ವಲ್ಪ ನೀರು, ಎರಡು ಮೂರು ತಾಸಿಗೊಮ್ಮೆ ಹಗ್ಗ ಹಾಕಿಯೇ ಇಳಿಸುವುದು, ಕಾರು ನಿಲ್ಲಿಸಿ ಒಳಗೆ ಒಂಟಿಯಾಗಿ ಬಿಟ್ಟು ಹೋಗದಿರುವುದು. ಊಟವನ್ನೂ ಒಮ್ಮೆಲೇ ಬದಲಿಸಬಾರದು. ಅದಕ್ಕೆ ಒಂದು ವಾರಕ್ಕಾಗುವಷ್ಟು ನುಚ್ಚು ಕಟ್ಟಿಟ್ಟಿದ್ದೆ. ದಾರಿಗೆ ಅತ್ತೆ ಬಡಿದ ಉಪ್ಪಿಲ್ಲದ ಖಡಕ್ ರೊಟ್ಟಿ. ಹಳಸುವುದಿಲ್ಲ, ಚೆಲ್ಲುವುದಿಲ್ಲ.

ಗೆದ್ದ ಮುಖ ಹೊತ್ತು ಮನೆಗೆ ಬಂದರೆ ಸಾಮಾನೆಲ್ಲ ಲಾರಿ ಹತ್ತಿ ಯಜಮಾನರು ಹಗ್ಗ ಬಿಗಿಸುತ್ತಿದ್ದರು. ಮನೆ ಖಾಲಿ. ಪಡಸಾಲೆಯಲ್ಲಿ ಪಂಜರ, ಅದರೊಳಗೆ ಅಚ್ಚುಕಟ್ಟಾಗಿ ಮಡಿಸಿಟ್ಟ ಕೌದಿ. ನಾಯಿ ಹಗ್ಗ ಬಿಡಿಸಿಕೊಂಡು ತನ್ನ ಮಧ್ಯಾಹ್ನದ ನಿದ್ದೆಗೆಂದು ಪಂಜರದ ಕಡೆ ಓಡಿತು. ಬಾಗಿಲಲ್ಲಿ ಮೂಗು ಇಟ್ಟಿತು. ಸೀನಿತು. ಹಿಂದಕ್ಕೆ ಸರಿದು ನನ್ನ ಮುಖ ನೋಡಿತು.

ಬಗ್ಗಿ ಕೌದಿಗೆ ಮೂಗು ಹಚ್ಚಿದೆ. ವಾಷಿಂಗ್ ಸೋಡಾ, ಸೋಪಿನ ಪುಡಿ, ಡೆಟಾಲು. ಕಾಲುವೆಯ ಬಿಸಿಲಿನಲ್ಲಿ ಒಣಗಿದ ಗರಿಗರಿ.

ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಯ ಕೌದಿಯೆಲ್ಲ ಕಾಲುವೆಗೆ ಹೋಗಲೇಬೇಕು. ಓಣಿಯ ಹೆಂಗಸರೆಲ್ಲ ಬಾಡಿಗೆಗೆ ಟಂಟಂ ಆಟೋ ಮಾಡಿಕೊಂಡು ಹೋಗಿ, ಕಾಲಿನಲ್ಲಿ ತುಳಿದು, ಕಲ್ಲಿಗೆ ಬಡಿದು, ಕಾಲುವೆಯ ದಂಡೆಯುದ್ದಕ್ಕೂ ಒಣಗಹಾಕಿ ಬುತ್ತಿ ಉಂಡು ಬರುತ್ತಾರೆ. ಹಬ್ಬ ಇನ್ನೂ ದೂರವಿತ್ತು. ಅತ್ತೆ ಅದನ್ನು ಮುಂಚಿತವಾಗಿಯೇ ಮುಗಿಸಿದ್ದರು. ಹಿಂದಿನ ದಿನ ನಾನು ಬ್ಯಾಂಕಿನಲ್ಲಿ ಬೀಳ್ಕೊಡುಗೆಯ ಹಾರ ಹಾಕಿಸಿಕೊಳ್ಳುತ್ತಿದ್ದಾಗ.

"ಅತ್ತೀ! ನಾಯಿ ಕೌದಿ ಯಾಕ ತೊಳದ್ರಿ?" ನನ್ನ ದನಿ ಖಾಲಿ ಮನೆಯಲ್ಲಿ ಎರಡು ಸಲ ಕೇಳಿಸಿತು.

"ಯಾಕಂದ್ರ? ಆ ಮೈಸೂರಾಕಿ ಏನಂದ್ಲು ನೀ ಕೇಳಿಲ್ಲೇನು? ವಾಸನಿ ಬಂದ್ರ ನಾಯೀನ ಒಳಗ ಬಿಡಂಗಿಲ್ಲ ಅಂದ್ಲಲ್ಲ. ಅದಕ್ಕ ಮೂರ್ ನೀರಾಗ ತಗದೇನಿ. ಟೊಂಕ ಬಿದ್ದ ಹೋಗೈತಿ ನಂದು."

"ತೊಳೀಬಾರದು ಅಂತ ಗ್ವಾಡಿ ಮ್ಯಾಲೆ ಬರದ ಹಚ್ಚೀನಲ್ರಿ! ಕೆಂಪ ಪೆನ್ನಿಲೆ!"

"ಗ್ವಾಡಿಗೆ ಯಾಕ ಹಚ್ಚೀದಿ, ನಾಯಿ ಓದಲಿ ಅಂತೇನು? ನನಗ ಬಾಯಿಲೆ ಒಂದ ಮಾತ ಹೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತು?"

ನಾನು ಪಂಜರದ ಮುಂದೆ ಕೂತು ನಾಯಿಯನ್ನು ಕರೆದೆ.

ಒಳಗೆ ರೊಟ್ಟಿ ಹಾಕಿದೆವು, ನಾಯಿ ಹೊರಗಿನಿಂದ ಕತ್ತು ಚಾಚಿ ತಿಂದಿತು. ಮೊಟ್ಟೆ ಹಾಕಿದೆವು. ಮೊಟ್ಟೆ ಹೋಯಿತು, ನಾಯಿ ಹೋಗಲಿಲ್ಲ. ಯಜಮಾನರು ಎತ್ತಿ ನೂಕಲು ಹೋದರು, ಅದು ನಾಲ್ಕೂ ಕಾಲು ಅಗಲಿಸಿ ಪಂಜರದ ಬಾಗಿಲಿಗೆ ಅಡ್ಡ ಒತ್ತಿ ನಿಂತಿತು. ಬಲವಂತ ಮಾಡಿದರೆ ಮುಂದೆಂದೂ ಹತ್ತಿರ ಸುಳಿಯುವುದಿಲ್ಲ ಎಂದು ನಾನೇ ಬಿಡಿಸಿದೆ. ಕೌದಿ ತೆಗೆದು ನೋಡಿದೆವು. ಬರಿಯ ತಂತಿ ಕಂಡು ಅದು ಇನ್ನೂ ದೂರ ಹೋಗಿ ಕೂತಿತು.

ಬೇರೆ ಯಾವುದಾದರೂ ಹೊಲಸು ಬಟ್ಟೆ ಹಾಸೋಣವೆಂದು ಮನೆಯೆಲ್ಲ ಹುಡುಕಿದೆ. ಅಯ್ಯೋ ದೇವರೇ, ಹೊಲಸು ಬಟ್ಟೆಗಾಗಿ ಮನುಷ್ಯರು ಹೀಗೆ ಹುಡುಕಬೇಕೇ! ಕಾಲೊರೆಸುವ ಗೋಣಿಚೀಲವನ್ನೂ ಅತ್ತೆ ತೊಳೆದು ಲಾರಿಗೆ ಹಾಕಿದ್ದರು. ಕೈವಸ್ತ್ರ, ಹೊದಿಕೆ, ದಿಂಬಿನ ಚೀಲ, ಎಲ್ಲ ಸೋಡಾ ಕಂಡಿದ್ದವು. ಹೊಸ ಊರಿಗೆ ಹಳೆಯ ಮನೆಯ ಕೊಳೆ ಒಯ್ಯಬಾರದಂತೆ. ನಾನು ಗೋಡೆಗೆ ಒರಗಿ ಕೂತು ಅತ್ತುಬಿಟ್ಟೆ. ಪಟ್ಟಿ ಬರೆದವಳಿಗೆ ಅಳು ಶೋಭಿಸುವುದಿಲ್ಲ, ಆದರೂ ಬಂತು. ಸಂಜೆಗೆ ಸರಪಣಿ ಬರುತ್ತಿತ್ತು.

ಅತ್ತೆ ಕೌದಿಯನ್ನು ಪಡಸಾಲೆಯ ನಡುವೆ ಝಾಡಿಸಿ ಹಾಸಿ, ಸೆರಗು ಸುತ್ತಿಕೊಂಡು ಅದರ ಮೇಲೆ ಮಲಗಿಬಿಟ್ಟರು.

"ವಾಸನಿ ಬೇಕಲ್ಲ ಅದಕ್ಕ? ಹಚ್ಚತೀನಿ ತಡಿ. ಇವತ್ತು ಬೆಳಗಿಂದ ಸಾಮಾನ ಕಟ್ಟಿ ಕಟ್ಟಿ ಬೆವತೇನಿ, ಹೊಲಸ ಬಟ್ಟಿ ಅಂದ್ರ ಈಗ ಈ ಮನ್ಯಾಗ ನಾನ. ನೀವಿಬ್ರೂ ಬರ್ರಿ, ನಿಂತ ಏನ್ ನೋಡ್ತೀರಿ?"

ಹಾಗಾಗಿ ಲಾರಿ ಬಾಗಿಲಲ್ಲಿ ನಿಂತಿರುವಾಗ, ಬೀಗ ಹಾಕಬೇಕಾದ ಮನೆಯಲ್ಲಿ, ಬ್ಯಾಂಕಿನ ಅಧಿಕಾರಿಯಾದ ನಾನೂ ವಿಮಾ ಕಚೇರಿಯ ಗುಮಾಸ್ತರಾದ ಯಜಮಾನರೂ ಅವರ ತಾಯಿಯೂ ನಾಯಿಯ ಕೌದಿಯ ಮೇಲೆ ಸಾಲಾಗಿ ಮಲಗಿ ಸೂರು ನೋಡಿದೆವು. ಲಾರಿಯ ಡ್ರೈವರು ನೀರು ಕೇಳಲು ಒಳಗೆ ಬಂದವನು ಕೇಳದೆಯೇ ಹೋದ. ನನಗೂ ಯಜಮಾನರಿಗೂ ಮಾತಿಲ್ಲದ್ದರಿಂದ ನಡುವೆ ಅತ್ತೆ. ಅವರು ಎರಡೂ ಕೈಯಿಂದ ಕೌದಿಯನ್ನು ಉಜ್ಜುತ್ತಿದ್ದರು, ರೊಟ್ಟಿಗೆ ಹಿಟ್ಟು ನಾದುವ ಹಾಗೆ. ಕೊನೆಗೆ ಅವರಿಗೆ ನಿದ್ದೆಯೇ ಹತ್ತಿತು. ನಾವು ಎದ್ದೆವು.

ನಾಯಿ ದೂರದಿಂದ ನೋಡುತ್ತಿತ್ತು. ಬಂತು. ಕೌದಿಯ ಅಂಚು ಮೂಸಿತು, ಅತ್ತೆಯ ಪಾದ ಮೂಸಿತು, ಸುತ್ತು ಹಾಕಿತು. ಆಮೇಲೆ ಉಸ್ಸೆಂದು ಉಸಿರು ಬಿಟ್ಟು ಅವರ ಬೆನ್ನಿಗೆ ಬೆನ್ನು ಹಚ್ಚಿ ಮಲಗಿತು.

ಭಾವ ಬಂದದ್ದು ಆಗಲೇ. ಬೈಕು ನಿಲ್ಲಿಸಿ, ಸರಪಣಿ ಝಣಝಣ ಅನ್ನಿಸುತ್ತ ಒಳಗೆ ಕಾಲಿಟ್ಟವರು ಹಾಗೇ ನಿಂತರು. ಹುಟ್ಟಿದಾಗಿನಿಂದ ತಮ್ಮ ತಾಯಿಯನ್ನು ಬೆಳಗಾದ ಮೇಲೆ ಮಲಗಿದ್ದು ಕಂಡವರಲ್ಲ ಅವರು.

"ಯವ್ವಾ, ಇದೇನಬೇ?"

ಅತ್ತೆ ಕಣ್ಣು ತೆರೆದರು. ಬೆನ್ನ ಹಿಂದೆ ಏನಿದೆ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಏಳಲಿಲ್ಲ.

"ಮೆಲ್ಲಕ ಮಾತಾಡಲೇ. ಈಗರ ಕಣ್ಣ ಮುಚ್ಚೇತಿ. ಸರಪಣಿ ಹೊರಗಿಡು."

ಭಾವ ಹೊರಗಿಟ್ಟರು. ಅವತ್ತು ಆ ಮನೆಯಲ್ಲಿ ಹೌದು ಎಂಬ ಪಾಠ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಎಂದು ನನಗೆ ತಿಳಿಯಿತು. ಅತ್ತೆ ಎದ್ದ ಮೇಲೆ ಬೆಚ್ಚಗಿದ್ದ ಕೌದಿಯನ್ನು ಪಂಜರದಲ್ಲಿ ಹಾಸಿದೆವು. ನಾಯಿ ಮೂಸಿ, ಯೋಚಿಸಿ, ಒಳಗೆ ಹೋಗಿ ಕೂತಿತು.

ಮರುದಿನ ನಸುಕಿನಲ್ಲಿ ಚಾಚಾನ ಕಾರು ಬಂತು. ಯಜಮಾನರು ಆಗಲೇ ಲಾರಿಯೊಂದಿಗೆ ಹೋಗಿದ್ದರು. ಬಚ್ಚಲಲ್ಲಿ ನೀರಿತ್ತು, ಬಕೀಟು ಇತ್ತು. ಅತ್ತೆಯನ್ನು ಜಳಕಕ್ಕೆ ಕರೆದೆ.

"ಒಲ್ಲೆ. ನಾ ಜಳಕ ಮಾಡಿದ್ರ ನನ್ನ ವಾಸನಿ ಹೋಗತೈತಿ. ದಾರ್ಯಾಗ ಅದು ಮತ್ತ ಹಟ ಹಿಡದ್ರ ಯಾರ್ ಜವಾಬ್ದಾರ? ಮೈಸೂರ ಮುಟ್ಟಿದ ಮ್ಯಾಲ ಮಾಡ್ತೀನಿ."

ಇಷ್ಟು ಬೇಕಾಗಿಲ್ಲ ಎಂದೆ. ಪಟ್ಟಿಯಲ್ಲಿ ಹಾಗೆಲ್ಲೂ ಬರೆದಿಲ್ಲ ಎಂದೆ.

"ನಿನ್ನ ಪಟ್ಟಿ ಬಾಯಿಗೆ ಮಣ್ಣ ಹಾಕ. ಕೂಡ್ರು ಕಾರಾಗ."

ಹಿಂದಿನ ಸೀಟಿನ ಅರ್ಧ ಮಡಚಿ ಪಂಜರ ಇಟ್ಟಿದ್ದೆವು. ಉಳಿದರ್ಧದಲ್ಲಿ ಅತ್ತೆ. ಹೊಸಪೇಟೆ ದಾಟುವವರೆಗೆ ನಾಯಿ ಕುಂಯ್‌ಗುಟ್ಟಿತು. ಅತ್ತೆ ತಂತಿಯೊಳಗೆ ಎರಡು ಬೆರಳು ತೂರಿಸಿ ಕೂತರು, ಆಮೇಲೆ ಸದ್ದಿಲ್ಲ. ಚಿತ್ರದುರ್ಗದ ಈಚೆ ಒಮ್ಮೆ, ಶಿರಾದ ಆಚೆ ಇನ್ನೊಮ್ಮೆ ಹಗ್ಗ ಹಾಕಿ ಇಳಿಸಿದೆವು. ಚಾಚಾ ಕಾರಿನಿಂದ ನಾಲ್ಕು ಮಾರು ದೂರ ನಿಂತು, ಎಲ್ಲಿ ನೆರಳಿದೆ, ಎಲ್ಲಿ ಲಾರಿಗಳ ಕಾಟವಿಲ್ಲ ಎಂದು ತೋರಿಸುತ್ತಿದ್ದರು. ಎಲ್ಲ ಪಟ್ಟಿಯಂತೆಯೇ ನಡೆಯುತ್ತಿದೆ ಎಂದು ನಾನು ಹಿಗ್ಗಿದ್ದೆ. ಕುಣಿಗಲ್ ದಾಟಿದ ಮೇಲೆ ನಾಯಿ ದಾರಿಯಲ್ಲಿ ತಿಂದ ರೊಟ್ಟಿಯನ್ನೆಲ್ಲ ಕೌದಿಯ ಮೇಲೆ ಕಾರಿತು.

ಒರೆಸಿದೆವು. ನೀರು ಹಾಕಿ ಒರೆಸಿದೆವು. ಹುಳಿ ನಾತ ಹೋಗಲಿಲ್ಲ. ಚಾಚಾ ಪಾಪ ಕಿಟಕಿ ಇಳಿಸಿದರು. ಮೈಸೂರು ಹತ್ತಿರವಾದಂತೆಲ್ಲ ನಾನು ಮತ್ತೆ ಮತ್ತೆ ಕೌದಿಯ ಕಡೆ ತಿರುಗಿ ನೋಡುತ್ತಿದ್ದೆ. ಬಂದ ದಿನವೇ ನೋಡ್ತೀನಿ ಎಂದಿದ್ದರಲ್ಲ ಒಡತಿ.

ನೋಡಿಯೇ ನೋಡಿದರು. ಗೇಟಿನ ಹತ್ತಿರವೇ ನಿಂತಿದ್ದರು. ಯಜಮಾನರು ಲಾರಿಯಿಂದ ಸಾಮಾನು ಇಳಿಸಿಕೊಳ್ಳುತ್ತಿದ್ದರು. ನಾನು ಫೈಲು ತೆರೆದು ಲಸಿಕೆ ಪುಸ್ತಕ, ಸರ್ಟಿಫಿಕೇಟು, ನಾಯಿಯ ಫೋಟೋ, ಡಾಕ್ಟರ ಫೋನ್ ನಂಬರು ಒಂದೊಂದಾಗಿ ಕೊಟ್ಟೆ. ಒಡತಿ ದಿನಾಂಕ ನೋಡಿದರು, ಶಿಕ್ಕಾ ನೋಡಿದರು, ಬಿಳಿ ಮಚ್ಚೆ ಇದೆಯೇ ಎಂದು ಕಾರಿನೊಳಗಿನ ಪಂಜರದತ್ತ ಬಗ್ಗಿ ನೋಡಿದರು.

"ಪೇಪರ್ಸ್ ಎಲ್ಲ ಸರಿಯಾಗಿದೆ." ಆಮೇಲೆ ಅವರ ಮೂಗು ಕುಗ್ಗಿತು. "ಏನೋ ವಾಸನೆ ಬರ್ತಿದೆಯಲ್ಲ? ನಾಯಿದಾ?"

ಫೈಲಿನಲ್ಲಿ ಇನ್ನು ಕೊಡಲು ಯಾವ ಕಾಗದವೂ ಉಳಿದಿರಲಿಲ್ಲ.

ಅತ್ತೆ ಕಾರಿನಿಂದ ಇಳಿದರು. ಕೂದಲು ಕೆದರಿತ್ತು, ಸೀರೆ ಮುದುಡಿತ್ತು. ಮುಖ ತೊಳೆಯದೆ ಪಕ್ಕದ ಮನೆಯವರ ಕಣ್ಣಿಗೂ ಬೀಳದ ಹೆಂಗಸು ಗೇಟಿಗೂ ಪಂಜರಕ್ಕೂ ನಡುವೆ ಬಂದು ನಿಂತು, ಗುರುತಿಲ್ಲದ ಊರಿನ ಗುರುತಿಲ್ಲದ ಹೆಣ್ಣುಮಗಳ ಮುಖ ನೋಡಿ ಹೇಳಿದರು:

"ನಾಯಿದಲ್ಲ ತಂಗಿ. ಅದು ಸ್ವಚ್ಛ ಐತಿ. ನಾರಾಕ ಹತ್ತೀದಾಕಿ ನಾನು. ನಿನ್ನಿ ಮುಂಜಾನಿಂದ ಜಳಕ ಇಲ್ಲ, ದಾರ್ಯಾಗ ಕಾರಕೊಂಡೇನಿ. ವಯಸ್ಸಾತು, ಕಾರು ಆಗಿ ಬರಂಗಿಲ್ಲ."

ಒಡತಿಯ ಮುಖ ಕೆಂಪಾಯಿತು. "ಅಯ್ಯೋ, ದೊಡ್ಡವರು, ತಪ್ಪು ತಿಳ್ಕೋಬೇಡಿ. ಬನ್ನಿ, ಬನ್ನಿ ಒಳಗೆ. ಬಿಸಿನೀರು ಕಾಯಿಸಿದೀನಿ, ಮೊದಲು ಸ್ನಾನ ಮಾಡಿ."

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಅತ್ತೆ ಕಣ್ಣಿನಲ್ಲೇ ಗದರಿದರು. ಹೊಸಿಲ ಹತ್ತಿರ ಹೋದವರು ಅಲ್ಲೇ ನಿಂತು ತಿರುಗಿದರು.

"ಮಾಡ್ತೀನಿ ತಂಗಿ. ಮೊದಲ ನಾಯಿ ಒಳಗ ಹೋಗಲಿ."